ಮೂರನೇ ಮಹಡಿಯ ಹೊಗೆ ಹನ್ನೊಂದನೆಯದಕ್ಕೆ ಹೋದದ್ದು ಹೇಗೆ: ಒಂದು ಕೇಬಲ್ ಶಾಫ್ಟಿನ ಪ್ರಕರಣ

ಇದು ಬೆಂಗಳೂರಿನ ಒಂದು ವಸತಿ ಸಮುಚ್ಚಯದ ಕತೆ. ನೆಲಮಹಡಿಯ ಮೇಲೆ ಹನ್ನೆರಡು ಮಹಡಿ, ಮಹಡಿಗೆ ನಾಲ್ಕು ಮನೆ. ಗುರುತು ಸಿಗಬಾರದೆಂದು ಬಡಾವಣೆ, ಬಿಲ್ಡರ್, ಸಾಮಾನು ಪೂರೈಸಿದವರು ಯಾರ ಹೆಸರನ್ನೂ ಹಾಕಿಲ್ಲ. ಬೆಂಕಿ ಸುರಕ್ಷತೆಯ ಸಲಹೆಗಾರನಾಗಿ ನನ್ನನ್ನು ಕರೆದದ್ದು ನಿವಾಸಿಗಳ ಸಂಘ. ಆ ಹೊತ್ತಿಗೆ ಘಟನೆ ಮುಗಿದಿತ್ತು. ಯಾರಿಗೂ ಗಾಯವಾಗಿರಲಿಲ್ಲ.

ಹಿನ್ನೆಲೆ

ಲಿಫ್ಟ್ ಲಾಬಿಯ ಪಕ್ಕದಲ್ಲಿ ಪ್ರತಿ ಮಹಡಿಯಲ್ಲೂ ಒಂದು ಎಲೆಕ್ಟ್ರಿಕಲ್ ಶಾಫ್ಟ್ ಇದೆ. ಒಬ್ಬರು ನಿಂತು ಕೆಲಸ ಮಾಡುವಷ್ಟು ಜಾಗ, ಮುಂದೆ ಪ್ಲೈವುಡ್ ಬಾಗಿಲು. ಒಳಗೆ ಮೀಟರ್ ಬೋರ್ಡು, ಕೆಳಗಿನಿಂದ ಮೇಲಿನವರೆಗೆ ಕರೆಂಟ್ ಒಯ್ಯುವ ಲೋಹದ ಪಟ್ಟಿಗಳಿರುವ ಬಸ್‌ಡಕ್ಟ್, ಅದರ ಪಕ್ಕ 600 ಮಿಲಿಮೀಟರ್ ಅಗಲದ ಕೇಬಲ್ ಟ್ರೇ. ಒಂದು ಮೂಲೆಯಲ್ಲಿ ಇಂಟರ್ನೆಟ್, ಟೀವಿ, ಇಂಟರ್‌ಕಾಮ್ ವೈರುಗಳು. ಇವೆಲ್ಲ ಮಹಡಿಯಿಂದ ಮಹಡಿಗೆ ದಾಟಲು ಸ್ಲ್ಯಾಬಿನಲ್ಲಿ ಕಟೌಟ್ ಬಿಟ್ಟಿದ್ದಾರೆ. ಸುಮಾರು 900 ಮಿಲಿಮೀಟರ್ ಉದ್ದ, 300 ಮಿಲಿಮೀಟರ್ ಅಗಲ. ಆ ಕಟೌಟನ್ನು ಮುಚ್ಚದೆ ಬಿಟ್ಟರೆ ಅದು ಶಾಫ್ಟ್ ಅಲ್ಲ, ಚಿಮಣಿ.

ಬೆಂಗಳೂರಿಗೆ ಈ ಪಾಠ ಹೊಸದಲ್ಲ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಎಲೆಕ್ಟ್ರಿಕಲ್ ಡಕ್ಟಿನಲ್ಲಿ ಹುಟ್ಟಿದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಒಂಬತ್ತು ಜನ ಸತ್ತರು. ಕೆಲವರು ಉಸಿರು ಕಟ್ಟಿ ಕಿಟಕಿಯಿಂದ ಹಾರಿದ್ದರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಈ ವಿಷಯದಲ್ಲಿ ನೇರವಾಗಿದೆ: ಸರ್ವಿಸ್ ಶಾಫ್ಟಿನ ಗೋಡೆಗಳು 120 ನಿಮಿಷ ಬೆಂಕಿ ತಡೆಯಬೇಕು, ಮತ್ತು ಪ್ರತಿ ಮಹಡಿಯ ಮಟ್ಟದಲ್ಲೂ ಶಾಫ್ಟನ್ನು ಸೀಲ್ ಮಾಡಿ, ಬೆಂಕಿ ಹೊಗೆ ದಾಟದಂತೆ ತಡೆಯುವ ಫೈರ್ ಸ್ಟಾಪ್ ಹಾಕಬೇಕು.

ಈ ಕಟ್ಟಡದಲ್ಲೂ ಹಾಕಿದ್ದರು. ಕಾಗದವೂ ಇತ್ತು.

ಆ ದಿನ ಏನಾಯಿತು

ಡಿಸೆಂಬರಿನ ಒಂದು ಬೆಳಗ್ಗೆ. ಮೂರನೇ ಮಹಡಿಯ ಬಸ್‌ಡಕ್ಟಿನಿಂದ ಕರೆಂಟ್ ತೆಗೆಯುವ ಪೆಟ್ಟಿಗೆಯಲ್ಲಿ ಕೇಬಲ್ಲಿನ ತುದಿಯನ್ನು ಬಿಗಿಯುವ ಒಂದು ಲಗ್ ಸಡಿಲವಾಗಿತ್ತು. ಸಡಿಲವಾದ ಕಡೆ ಬಿಸಿಯಾಗಿ ಕೇಬಲ್ಲಿನ ಹೊದಿಕೆ ಸುಡತೊಡಗಿತು. ಜ್ವಾಲೆ ಹೆಚ್ಚು ಏಳಲಿಲ್ಲ, ಹೊಗೆ ಬಂತು. ಸೆಕ್ಯೂರಿಟಿಯವರು ಮೇನ್ ಆಫ್ ಮಾಡಿ, ಸಿಒಟು ಸಿಲಿಂಡರ್ ಬಳಸಿ ಆರಿಸಿದರು. ಸುಟ್ಟದ್ದು ಒಂದು ಪೆಟ್ಟಿಗೆ ಮತ್ತು ಮೊಳದಷ್ಟು ಕೇಬಲ್, ಅಷ್ಟೇ.

ಆದರೆ ಹೊಗೆ ದಟ್ಟವಾಗಿ ಕಂಡದ್ದು ನಾಲ್ಕನೇ ಮಹಡಿಯಲ್ಲಲ್ಲ, ಹನ್ನೊಂದು ಮತ್ತು ಹನ್ನೆರಡರಲ್ಲಿ. ಅಲ್ಲಿನ ಲಾಬಿಯಲ್ಲಿ ಲಿಫ್ಟಿನ ಬಾಗಿಲೂ ಕಾಣುತ್ತಿರಲಿಲ್ಲವಂತೆ. ಪಿವಿಸಿ ಹೊದಿಕೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಅದು ಕಣ್ಣು, ಗಂಟಲು ಎರಡನ್ನೂ ಉರಿಸುತ್ತದೆ. ಕಡಿಮೆ ಹೊಗೆಯ ಎಫ್‌ಆರ್‌ಎಲ್‌ಎಸ್ ಕೇಬಲ್ಲೇ ಹಾಕಿದ್ದರು. ಆದರೆ ಕಡಿಮೆ ಹೊಗೆ ಅಂದರೆ ಹೊಗೆಯೇ ಇಲ್ಲ ಅಂತಲ್ಲ.

ಮೇಲಕ್ಕೇ ಯಾಕೆ ಹೋಯಿತು? ಹೊರಗೆ ಚಳಿ, ಒಳಗೆ ಬೆಚ್ಚಗೆ. ಎತ್ತರದ ಶಾಫ್ಟಿನಲ್ಲಿ ಬೆಚ್ಚನೆಯ ಗಾಳಿ ತಾನಾಗಿಯೇ ಮೇಲೆ ಏರುತ್ತದೆ. ಕೆಳಗಿನ ಮಹಡಿಗಳಲ್ಲಿ ಲಾಬಿಯ ಗಾಳಿ ಶಾಫ್ಟಿನ ಒಳಕ್ಕೆ ಎಳೆಯಲ್ಪಡುತ್ತದೆ, ಮೇಲಿನವುಗಳಲ್ಲಿ ಶಾಫ್ಟಿನ ಗಾಳಿ ಲಾಬಿಗೆ ತಳ್ಳಲ್ಪಡುತ್ತದೆ. ಅದಕ್ಕೇ ಬೆಂಕಿಯ ಹತ್ತಿರದ ನಾಲ್ಕು, ಐದನೇ ಮಹಡಿಯವರಿಗೆ ಬರೀ ವಾಸನೆ ಬಂದಿತ್ತು, ದೂರದವರು ಕೆಮ್ಮುತ್ತಾ ಕೂತಿದ್ದರು.

ಸೀಲ್ ಇತ್ತಲ್ಲ, ಮತ್ತೆ?

ಸಂಘದ ಕಾರ್ಯದರ್ಶಿ ಮೊದಲು ತೋರಿಸಿದ್ದು ಫೈಲು. ಅದರಲ್ಲಿ ಪಿಂಕ್ ಬಣ್ಣದ ಪಿಯು ಫೋಮಿನ ಪರೀಕ್ಷಾ ವರದಿ ಇತ್ತು. "ಎರಡು ಗಂಟೆ ರೇಟಿಂಗ್ ಅಂತ ಬರೆದಿದೆ ನೋಡಿ ಸಾರ್" ಅಂದರು. ಬರೆದಿತ್ತು, ನಿಜ. ಆದರೆ ಎರಡನೇ ಪುಟದಲ್ಲಿ ಯಾವುದರ ಮೇಲೆ ಪರೀಕ್ಷೆ ಮಾಡಿದ್ದಾರೆ ಅನ್ನುವ ಚಿತ್ರ ಇತ್ತು: ಎರಡು ಗೋಡೆಗಳ ನಡುವಿನ ಸಂದು, ಅಗಲ 30 ಮಿಲಿಮೀಟರ್, ಕೇಬಲ್ ಒಂದೂ ಇಲ್ಲ. ಇಲ್ಲಿ ಅದೇ ಫೋಮನ್ನು 300 ಮಿಲಿಮೀಟರ್ ಅಗಲದ ಕಟೌಟಿನಲ್ಲಿ, ಕೇಬಲ್ಲುಗಳ ಸುತ್ತ, ಕೆಳಗೆ ಪ್ಲೈವುಡ್ ತುಂಡು ಕೊಟ್ಟು ತುಂಬಿದ್ದರು. ಆ ವರದಿಗೂ ಈ ಕಟೌಟಿಗೂ ಸಂಬಂಧವೇ ಇಲ್ಲ.

ಫೈರ್ ಸ್ಟಾಪ್ ವಿಷಯದಲ್ಲಿ ಹೆಚ್ಚಿನ ಗೊಂದಲ ಇಲ್ಲೇ ಆಗುವುದು. ರೇಟಿಂಗ್ ಇರುವುದು ಡಬ್ಬಿಯಲ್ಲಿರುವ ವಸ್ತುವಿಗಲ್ಲ, ಪೂರ್ತಿ ಜೋಡಣೆಗೆ. ಸ್ಲ್ಯಾಬ್ ಎಷ್ಟು ದಪ್ಪ, ತೂತು ಎಷ್ಟು ದೊಡ್ಡದು, ಅದರಲ್ಲಿ ಹಾಯುವುದು ಕೇಬಲ್ಲೋ, ಕಬ್ಬಿಣದ ಪೈಪೋ, ಪ್ಲಾಸ್ಟಿಕ್ ಪೈಪೋ, ತುಂಬಿದ್ದು ಎಷ್ಟು ಆಳಕ್ಕೆ ಅನ್ನುವುದೆಲ್ಲ ಸೇರಿ ಒಂದು ಪರೀಕ್ಷೆ. ನಮ್ಮಲ್ಲಿ ಇದಕ್ಕೆ ಐಎಸ್ 12458 ಅನ್ನುವ ಮಾನದಂಡ ಇದೆ. ಅಮೆರಿಕದ ಯುಎಲ್ 1479 ಮಾನದಂಡದ ಪ್ರಕಾರ ಮಾಡಿದ ವರದಿಗಳೂ ಚಲಾವಣೆಯಲ್ಲಿವೆ. ವರದಿಯ ಚಿತ್ರವೂ ನಿಮ್ಮ ತೂತೂ ಹೊಂದದಿದ್ದರೆ ಎರಡು ಗಂಟೆ ಅನ್ನುವ ಮಾತು ಅಲ್ಲಿಗೇ ಮುಗಿಯಿತು.

ನಂತರ ಶಾಫ್ಟುಗಳನ್ನು ಒಂದೊಂದಾಗಿ ತೆಗೆಸಿ ನೋಡಿದೆವು. ರಾತ್ರಿ ಹೊತ್ತು ಲಾಬಿ ದೀಪ ಆರಿಸಿ, ಕೆಳಗಿನ ಮಹಡಿಯಲ್ಲಿ ಒಬ್ಬರು ಟಾರ್ಚ್ ಹಿಡಿದು ನಿಂತರೆ ಮೇಲೆ ಎಲ್ಲಿ ಬೆಳಕು ಬರುತ್ತದೋ ಅಲ್ಲಿ ತೂತು. ಬೆಳಕು ಕಾಣದ ಕಡೆ ಊದುಬತ್ತಿ ಹಚ್ಚಿ ಹಿಡಿದೆವು. ಹೊಗೆ ಅಲುಗದೆ ನೇರ ಏರಿದರೆ ಸರಿ. ಒಂದು ಕಡೆಗೆ ವಾಲಿದರೆ ಅಲ್ಲಿ ಗಾಳಿ ಹರಿಯುತ್ತಿದೆ ಅಂತ ಅರ್ಥ.

ಮೂರು ಬಗೆಯ ತೂತು ಸಿಕ್ಕವು. ಎಲ್ಲಕ್ಕಿಂತ ದೊಡ್ಡದು ಟ್ರೇ ಹಿಂದೆ. ಟ್ರೇಗೂ ಗೋಡೆಗೂ ನಡುವೆ ಎರಡು ಬೆರಳಿನ ಜಾಗ ಮಾತ್ರ, ಕೈ ಹೋಗುವುದಿಲ್ಲ. ಹಾಗಾಗಿ ಹಾಕುವವರು ಎದುರಿನಿಂದ ಚೆನ್ನಾಗಿ ಕಾಣುವಂತೆ ತುಂಬಿ ಹಿಂದೆ ಖಾಲಿ ಬಿಟ್ಟಿದ್ದರು. ಎರಡನೆಯದು ಕೇಬಲ್ ಕಟ್ಟುಗಳ ಒಳಗೆ. ಹತ್ತು ಹದಿನೈದು ಕೇಬಲ್ ಸೇರಿಸಿ ಟೈ ಹಾಕಿ ಬಿಗಿದಾಗ ನಡುವೆ ಸಣ್ಣ ಸಣ್ಣ ಸಂದುಗಳು ಉಳಿಯುತ್ತವೆ. ಹೊರಗಿನಿಂದ ಎಷ್ಟು ಮೆತ್ತಿದರೂ ಆ ಸಂದು ತುಂಬುವುದಿಲ್ಲ. ಮೂರನೆಯದು ಇಂಟರ್ನೆಟ್ ವೈರಿನ ಮೂಲೆ. ಕಟ್ಟಡ ಹಸ್ತಾಂತರ ಆದಮೇಲೆ ಬಂದ ಪ್ರತಿಯೊಬ್ಬ ಕೇಬಲ್ ಹುಡುಗನೂ ಫೋಮಿನಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ತನ್ನ ವೈರು ಎಳೆದಿದ್ದ. ಆರನೇ ಮಹಡಿಯಲ್ಲಿ ಒಂದು ಮುಷ್ಟಿ ಹೋಗುವಷ್ಟು ಅಗಲವಾಗಿತ್ತು.

ಮಾಡಿ ನೋಡಿದ್ದು

ನಾನು ಬರುವ ಮೊದಲೇ ಸಂಘದವರು ತಮ್ಮ ಎಲೆಕ್ಟ್ರಿಷಿಯನ್ ಕೈಯಲ್ಲಿ ಐದನೇ ಮಹಡಿಯ ಫೋಮ್ ಕಿತ್ತು ಸಿಮೆಂಟ್ ಗಾರೆ ಹಾಕಿಸಿದ್ದರು. ಗಾರೆ ಸುಡುವುದಿಲ್ಲ, ಅಗ್ಗ, ಮೇಲೆ ನಿಂತರೂ ಆಗುತ್ತದೆ. ಅವರ ಯೋಚನೆ ಅಷ್ಟೇನೂ ತಪ್ಪಲ್ಲ. ಆದರೆ ಗಾರೆ ಒಣಗಿದಾಗ ಕುಗ್ಗಿ ಕೇಬಲ್ಲಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬಸ್‌ಡಕ್ಟಿನ ಪಕ್ಕ ಇನ್ನೂ ಜಾಸ್ತಿ. ಲೋಡು ಹತ್ತಿ ಇಳಿಯುವಾಗ ಬಸ್‌ಡಕ್ಟ್ ಸ್ವಲ್ಪ ಹಿಗ್ಗುತ್ತದೆ, ಕುಗ್ಗುತ್ತದೆ. ಗಟ್ಟಿ ಗಾರೆ ಅದಕ್ಕೆ ಹೊಂದಿಕೊಳ್ಳುವುದಿಲ್ಲ. ಇದಕ್ಕೆಂದೇ ಬರುವ, ಕುಗ್ಗದ ಫೈರ್ ಮಾರ್ಟರ್ ಬೇರೆ ಇದೆ. ಅದನ್ನು ಹಾಕಿದರೂ ನಾಳೆ ಒಂದು ಹೊಸ ಕೇಬಲ್ ಎಳೆಯಬೇಕಾದರೆ ಉಳಿ ಸುತ್ತಿಗೆ ಹಿಡಿದು ಒಡೆಯಬೇಕು, ಪಕ್ಕದಲ್ಲೇ ಕರೆಂಟ್ ಹರಿಯುವ ಕೇಬಲ್.

ಎರಡನೆಯದು ಒಬ್ಬ ಮಾರಾಟಗಾರ ತಂದ ಪಿಲ್ಲೋಗಳು. ಬಿಸಿ ತಾಕಿದರೆ ಉಬ್ಬುವ ಸಣ್ಣ ಚೀಲಗಳು. ಒತ್ತಿ ಜೋಡಿಸಿದರೆ ಮುಗಿಯಿತು, ಬೇಕಾದಾಗ ತೆಗೆಯಬಹುದು. ಸಂಘದವರಿಗೆ ತುಂಬಾ ಹಿಡಿಸಿತು. ಒಂದು ಮಹಡಿಯಲ್ಲಿ ಜೋಡಿಸಿ ಊದುಬತ್ತಿ ಹಿಡಿದೆವು. ಹೊಗೆ ಎರಡು ಚೀಲಗಳ ನಡುವೆ ಸಲೀಸಾಗಿ ನುಸುಳಿತು.

ಅಲ್ಲಿ ಚರ್ಚೆಗೆ ನಿಜವಾದ ತಿರುವು ಸಿಕ್ಕಿತು. ಮಾರಾಟಗಾರ ಹೇಳಿದ್ದು ಸುಳ್ಳೇನಲ್ಲ: "ಬೆಂಕಿ ಬಂದಾಗ ಉಬ್ಬಿ ಮುಚ್ಚಿಕೊಳ್ಳುತ್ತೆ ಸಾರ್, ಈಗ ಸಂದು ಇದ್ರೆ ಏನೂ ತೊಂದರೆ ಇಲ್ಲ." ಉಬ್ಬುವ ವಸ್ತುಗಳು ಕೆಲಸ ಶುರುಮಾಡಲು ಸುಮಾರು 200 ಡಿಗ್ರಿ ಬಿಸಿ ಬೇಕು. ಬೆಂಕಿಯ ನೇರ ಮೇಲಿನ ಸೀಲಿಗೆ ಅಷ್ಟು ಬಿಸಿ ಸಿಗಬಹುದು. ಆದರೆ ಈ ಘಟನೆಯಲ್ಲಿ ನಾಲ್ಕನೇ ಸ್ಲ್ಯಾಬಿನ ಕೆಳಗೂ ಮಸಿ ಮಾತ್ರ ಹಿಡಿದಿತ್ತು, ಫೋಮ್ ಕರಗಿರಲೂ ಇಲ್ಲ. ಹನ್ನೊಂದನೇ ಮಹಡಿ ತಲುಪುವಾಗ ಆ ಹೊಗೆ ಕೈಗೆ ಬೆಚ್ಚಗೂ ತಾಕುತ್ತಿರಲಿಲ್ಲ. ಅಂಥ ತಣ್ಣನೆಯ ಹೊಗೆಗೆ ಯಾವ ಚೀಲವೂ ಉಬ್ಬುವುದಿಲ್ಲ. ಹಾಗಾಗಿ ನಮಗೆ ಬೇಕಾದದ್ದು ಎರಡೂ: ಬೆಂಕಿ ಬಂದರೆ ಎರಡು ಗಂಟೆ ನಿಲ್ಲಬೇಕು, ಮತ್ತು ಈಗಲೇ, ಏನೂ ಬಿಸಿ ಇಲ್ಲದಾಗಲೂ, ಗಾಳಿ ಹಾಯಬಾರದು. ಯುಎಲ್ ವರದಿಗಳಲ್ಲಿ ಈ ಗಾಳಿ ಸೋರಿಕೆಯನ್ನು ಎಲ್ ರೇಟಿಂಗ್ ಎಂದು ಬೇರೆಯಾಗಿ ಕೊಡುತ್ತಾರೆ. ಕೊಳ್ಳುವವರು ಅದನ್ನು ಕೇಳುವುದು ಅಪರೂಪ.

ಕೊನೆಗೆ ಆರಿಸಿದ್ದು ಬೋರ್ಡ್ ಮತ್ತು ಸೀಲಂಟ್. 50 ಮಿಲಿಮೀಟರ್ ದಪ್ಪದ, ಬೆಂಕಿ ತಡೆಯುವ ಲೇಪನ ಇರುವ ರಾಕ್‌ವೂಲ್ ಬೋರ್ಡು, ಎರಡು ಪದರ. ಟ್ರೇ ಮತ್ತು ಬಸ್‌ಡಕ್ಟಿನ ಆಕಾರಕ್ಕೆ ಕತ್ತರಿಸಿ, ಪ್ರತಿ ಕತ್ತರಿಸಿದ ಅಂಚಿಗೂ ಸೀಲಂಟ್ ಬಳಿದು, ಬಿಗಿಯಾಗಿ ಕೂರಿಸಬೇಕು. ಬೋರ್ಡಿನ ಮೇಲೂ ಕೆಳಗೂ ವರದಿಯಲ್ಲಿ ಹೇಳಿದಷ್ಟು ಉದ್ದ ಕೇಬಲ್ಲಿಗೂ ಲೇಪನ ಬಳಿಯಬೇಕು. ಸೀಲಂಟ್ ರಬ್ಬರಿನ ಹಾಗೆ ಬಗ್ಗುವುದರಿಂದ ಬಸ್‌ಡಕ್ಟಿನ ಅಲುಗಾಟ ತಡೆದುಕೊಳ್ಳುತ್ತದೆ. ಹೊಸ ಕೇಬಲ್ ಬೇಕಾದರೆ ಬೋರ್ಡಿನಲ್ಲಿ ಚಾಕುವಿನಿಂದ ತೂತು ಕೊರೆದು ಮತ್ತೆ ಮುಚ್ಚಬಹುದು.

ಇದಕ್ಕೆ ಒಂದು ದೊಡ್ಡ ಕೊರತೆ ಇದೆ: ಮೇಲೆ ಕಾಲಿಟ್ಟರೆ ಕುಸಿಯುತ್ತದೆ. ಶಾಫ್ಟಿನೊಳಗೆ ಮೀಟರ್ ನೋಡಲು ಬಂದವನು ಅದರ ಮೇಲೇ ನಿಲ್ಲುತ್ತಾನೆ, ಅಲ್ವಾ? ಕಾಲು ಕೆಳಗಿನ ಮಹಡಿಗೆ ಹೋದರೆ ಸೀಲಿಗಿಂತ ಮೊದಲು ಮನುಷ್ಯನ ಗತಿ ಏನು? ಹಾಗಾಗಿ ಕಟೌಟಿನ ಮೇಲೆ ಜಿಐ ಗ್ರೇಟಿಂಗ್ ಹಾಕಿಸಿದೆವು. ಅದರ ಭಾರ ಸ್ಲ್ಯಾಬಿಗೆ ಹೋಗಬೇಕು, ಬೋರ್ಡಿಗೆ ತಾಗಲೇಬಾರದು. ಅಂದಾಜಿನಲ್ಲಿ ಗ್ರೇಟಿಂಗ್ ಇರಲಿಲ್ಲ, ಖರ್ಚು ಹೆಚ್ಚಾಯಿತು ಅಂತ ಸಭೆಯಲ್ಲಿ ಜಗಳವೇ ಆಯಿತು. ಈ ವಿಷಯದಲ್ಲಿ ನಾನು ಬಗ್ಗಲಿಲ್ಲ.

ಟ್ರೇ ಹಿಂದಿನ ಸಂದಿಗೆ ಅಡ್ಡದಾರಿ ಇರಲಿಲ್ಲ. ಟ್ರೇಯ ಕ್ಲಾಂಪು ಬಿಚ್ಚಿ 50 ಮಿಲಿಮೀಟರ್ ಮುಂದಕ್ಕೆ ತಂದು ಕೂರಿಸಬೇಕಾಯಿತು. ಅದಕ್ಕೆ ಕರೆಂಟ್ ನಿಲ್ಲಿಸಬೇಕು. ಎರಡು ಭಾನುವಾರ ಮಧ್ಯಾಹ್ನ ಇಡೀ ಕಟ್ಟಡ ಫ್ಯಾನಿಲ್ಲದೆ ಕೂತಿತು. ಕೇಬಲ್ ಕಟ್ಟುಗಳ ಟೈಗಳನ್ನು ಸ್ಲ್ಯಾಬಿನ ಹತ್ತಿರ ಬಿಚ್ಚಿ, ಕೇಬಲ್ಲುಗಳನ್ನು ಬಿಡಿಸಿ, ಒಂದೊಂದರ ನಡುವೆಯೂ ಸೀಲಂಟ್ ಒತ್ತಿದರು. ಬೇಸರದ ಕೆಲಸ. ಗುತ್ತಿಗೆದಾರನ ಹುಡುಗರು ಎರಡನೇ ಮಹಡಿಯಲ್ಲೇ ಇದನ್ನು ಬಿಟ್ಟು ಹೊರಗಿನಿಂದ ಮೆತ್ತಿ ಮುಗಿಸಲು ನೋಡಿದರು. ಅಲ್ಲಿಂದ ಮುಂದೆ ಬೋರ್ಡು ಕೂರಿಸುವ ಮೊದಲು ಬಿಡಿಸಿದ ಕೇಬಲ್ಲಿನ ಫೋಟೋ ಕಳಿಸಿದರೆ ಮಾತ್ರ ಆ ಮಹಡಿಯ ಬಿಲ್ಲು ಅಂತ ಮಾಡಿದೆವು. ಒಮ್ಮೆ ಮುಚ್ಚಿದರೆ ಒಳಗೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ, ಅದಕ್ಕೇ ಈ ಕಟ್ಟುನಿಟ್ಟು.

ಎಂಟನೇ ಮಹಡಿಯ ಒಗಟು

ಹದಿಮೂರು ಮಟ್ಟವೂ ಮುಗಿದ ಮೇಲೆ ನಾಟಕ, ಮದುವೆ ಮಂಟಪಗಳಲ್ಲಿ ಬಳಸುವ ಹೊಗೆ ಯಂತ್ರ ಬಾಡಿಗೆಗೆ ತಂದು ಮೂರನೇ ಮಹಡಿಯ ಶಾಫ್ಟಿನಲ್ಲಿ ಬಿಟ್ಟೆವು. ನಾಲ್ಕರಿಂದ ಏಳರವರೆಗೆ ಶಾಫ್ಟುಗಳು ಸ್ವಚ್ಛ. ಎಂಟನೇ ಮಹಡಿಯ ಲಾಬಿಯಲ್ಲಿ ಮಾತ್ರ ಫಾಲ್ಸ್ ಸೀಲಿಂಗಿನ ದೀಪದ ತೂತುಗಳಿಂದ ಹೊಗೆ ಇಳಿಯತೊಡಗಿತು. ಶಾಫ್ಟಿನ ಬಾಗಿಲು ತೆರೆದರೆ ಒಳಗೆ ಏನೂ ಇಲ್ಲ!

ಸೀಲಿಂಗಿನ ಒಂದು ಹಾಳೆ ತೆಗೆದ ಮೇಲೆ ಗೊತ್ತಾಯಿತು. ಎಲೆಕ್ಟ್ರಿಕಲ್ ಶಾಫ್ಟಿನ ಪಕ್ಕದಲ್ಲೇ ಎಸಿ ಪೈಪುಗಳ ಸಣ್ಣ ಶಾಫ್ಟ್ ಇದೆ. ಎರಡಕ್ಕೂ ನಡುವಿನ ಬ್ಲಾಕ್ ಗೋಡೆಯನ್ನು ಮೂರನೇ ಮಹಡಿಯಲ್ಲಿ ಸ್ಲ್ಯಾಬಿನ ತನಕ ಕಟ್ಟಿರಲಿಲ್ಲ. ಕೊನೆಯ ಸಾಲು ಇಲ್ಲ, ಒಂದು ಗೇಣು ಖಾಲಿ. ಹೊಗೆ ಅಲ್ಲಿ ಅಡ್ಡ ದಾಟಿ, ಎಸಿ ಶಾಫ್ಟಿನಲ್ಲಿ ಏರಿ, ಎಂಟನೇ ಮಹಡಿಯಲ್ಲಿ ಪೈಪುಗಳು ಲಾಬಿಗೆ ಬರುವ ತೂತಿನಿಂದ ಹೊರಬಿದ್ದಿತ್ತು. ಉಳಿದ ಮಹಡಿಗಳಲ್ಲಿ ಆ ತೂತಿಗೆ ಗಾರೆ ಮೆತ್ತಿದ್ದರು, ಎಂಟರಲ್ಲಿ ಮರೆತಿದ್ದರು. ಫಾಲ್ಸ್ ಸೀಲಿಂಗ್ ಮೇಲೆ ಗಿಲಾವು ಮಾಡದಿರುವುದು, ಗೋಡೆ ಪೂರ್ತಿ ಕಟ್ಟದಿರುವುದು ನಮ್ಮ ಕಟ್ಟಡಗಳಲ್ಲಿ ಎಷ್ಟು ಸಾಮಾನ್ಯ ಅಂದರೆ, ಈಗ ನಾನು ಯಾವುದೇ ಶಾಫ್ಟ್ ನೋಡಲು ಹೋದರೂ ಏಣಿ ತರಿಸಿಯೇ ಶುರುಮಾಡುತ್ತೇನೆ.

ಗೋಡೆ ಪೂರ್ತಿ ಮಾಡುವುದು ಸುಲಭ. ಪೈಪಿನ ತೂತು ಅಷ್ಟು ಸುಲಭ ಅಲ್ಲ. ಎಸಿಯ ತಾಮ್ರದ ಪೈಪಿನ ಮೇಲೆ ಕಪ್ಪು ನೈಟ್ರೈಲ್ ರಬ್ಬರಿನ ಹೊದಿಕೆ ಇರುತ್ತದೆ. ಗಾರೆ ಮೆತ್ತಿದ ಮಹಡಿಗಳಲ್ಲೂ ಬೆಂಕಿ ಬಂದರೆ ಆ ಹೊದಿಕೆ ಸುಟ್ಟುಹೋಗಿ, ಪೈಪಿನ ಸುತ್ತ ಉಂಗುರದಂಥ ಖಾಲಿ ಜಾಗ ಉಳಿಯುತ್ತದೆ. ಪಿವಿಸಿ ಡ್ರೈನ್ ಪೈಪಂತೂ ಮೆತ್ತಗಾಗಿ ಕುಸಿದು ಇಡೀ ತೂತನ್ನೇ ತೆರೆದುಬಿಡುತ್ತದೆ. ಉಬ್ಬುವ ವಸ್ತುವಿನ ನಿಜವಾದ ಜಾಗ ಇದು. ಹೊದಿಕೆಯ ಸುತ್ತ ಗೋಡೆಯೊಳಗೆ ಉಬ್ಬುವ ಪಟ್ಟಿ ಸುತ್ತಿಸಿದೆವು. ಪಿವಿಸಿ ಪೈಪಿಗೆ ಕಾಲರ್ ಹಾಕಿಸಿದೆವು. ಬಿಸಿಯಾದಾಗ ಒಳಗಿನ ಪಟ್ಟಿ ಉಬ್ಬಿ ಮೆತ್ತಗಾದ ಪೈಪನ್ನು ಹಿಸುಕಿ ಮುಚ್ಚುತ್ತದೆ. ಗೋಡೆಯಲ್ಲಾದರೆ ಬೆಂಕಿ ಯಾವ ಕಡೆಯಿಂದಲಾದರೂ ಬರಬಹುದು, ಹಾಗಾಗಿ ಎರಡೂ ಬದಿ ಕಾಲರ್ ಬೇಕು. ಸ್ಲ್ಯಾಬಿನಲ್ಲಾದರೆ ಕೆಳಬದಿ ಒಂದು ಸಾಕು. ತಣ್ಣನೆಯ ಹೊಗೆಗಾಗಿ ಉಳಿದ ಸಂದಿಗೆಲ್ಲ ಸೀಲಂಟ್. ಗುತ್ತಿಗೆದಾರ ಮೊದಲ ಕಾಲರನ್ನು ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಬಿಗಿದಿದ್ದ. ಬೆಂಕಿಯಲ್ಲಿ ಪ್ಲಗ್ ಕರಗಿದರೆ ಕಾಲರ್ ಕಳಚಿ ನೆಲಕ್ಕೆ ಬೀಳುತ್ತದೆ. ತೆಗೆಸಿ ಉಕ್ಕಿನ ಆಂಕರ್ ಹಾಕಿಸಿದೆವು.

ಮತ್ತೆ ಹೊಗೆ ಬಿಟ್ಟಾಗ ಎಂಟನೇ ಮಹಡಿಯಲ್ಲಿ ಏನೂ ಬರಲಿಲ್ಲ. ಮೂರನೇ ಮಹಡಿಯ ಲಾಬಿ ಮಾತ್ರ ತುಂಬಿತು. ಅದಕ್ಕೆ ಕಾರಣ ಪ್ಲೈವುಡ್ ಬಾಗಿಲು.

ಆಮೇಲೆ

ಬೇಸಿಗೆ ಕಳೆಯುವ ಮೊದಲೇ ಏಳನೇ ಮಹಡಿಯ ಹೊಸ ಬೋರ್ಡಿನಲ್ಲಿ ತೂತು ಬಿತ್ತು. ಹೊಸ ಬಾಡಿಗೆದಾರರಿಗೆ ಇಂಟರ್ನೆಟ್ ಬೇಕಿತ್ತು, ಹುಡುಗ ಬಂದ, ಚುಚ್ಚಿದ, ಹೋದ. ಅವನನ್ನು ಬೈದು ಪ್ರಯೋಜನವಿಲ್ಲ. ವೈರು ದಾಟಿಸಲು ಅವನಿಗೆ ಬೇರೆ ದಾರಿಯನ್ನೇ ನಾವು ಕೊಟ್ಟಿರಲಿಲ್ಲ.

ಆಗ ಆ ಮೂಲೆಯಲ್ಲಿ ಪ್ರತಿ ಸ್ಲ್ಯಾಬಿಗೂ ವೈರು ದಾಟಿಸಲು ಪೈಪಿನಂಥ ಎರಡು ಉಕ್ಕಿನ ಸ್ಲೀವ್ ಕೂರಿಸಿ, ಕೈಯಲ್ಲೇ ತೆಗೆದು ಹಾಕಬಹುದಾದ ಫೈರ್ ಸ್ಟಾಪ್ ಪ್ಲಗ್ ಹಾಕಿಸಿದೆವು. ವೈರು ಎಳೆದ ಮೇಲೆ ಪ್ಲಗ್ ಒತ್ತಿ, ಸುತ್ತ ಒಂದು ಸುತ್ತು ಸೀಲಂಟ್ ಹಚ್ಚಿದರೆ ಸಾಕು. ಒಂದು ಟ್ಯೂಬ್ ಸೀಲಂಟ್ ಸೆಕ್ಯೂರಿಟಿ ಕೊಠಡಿಯಲ್ಲೇ ಇರುತ್ತದೆ. ಶಾಫ್ಟಿನ ಬೀಗದ ಕೈ ಫೆಸಿಲಿಟಿ ಮ್ಯಾನೇಜರ್ ಹತ್ತಿರ. ಒಳಗೆ ಹೋಗುವವರು ಚೀಟಿ ಬರೆಸಬೇಕು, ಮುಗಿದ ಮೇಲೆ ಫೋಟೋ ತೋರಿಸಿ ಚೀಟಿ ಮುಚ್ಚಿಸಬೇಕು. ಪ್ರತಿ ಸೀಲಿನ ಪಕ್ಕ ಒಂದು ಪಟ್ಟಿ ಅಂಟಿಸಿದ್ದೇವೆ: ಸಂಖ್ಯೆ, ವಸ್ತುವಿನ ಹೆಸರು, ಪರೀಕ್ಷಾ ವರದಿಯ ಸಂಖ್ಯೆ, ಹಾಕಿದ ದಿನ, "ತೂತು ಮಾಡಬೇಡಿ, ಸ್ಲೀವ್ ಬಳಸಿ" ಅನ್ನುವ ಸಾಲು. ಕನ್ನಡದಲ್ಲಿ ಮತ್ತು ಹಿಂದಿಯಲ್ಲಿ, ಯಾಕೆಂದರೆ ಕೆಲಸಕ್ಕೆ ಬರುವವರು ಓದುವುದು ಅವೆರಡೇ.

ಸ್ಲೀವ್ ಬಂದ ಮೇಲೆ ಬೋರ್ಡಿಗೆ ಹೊಸ ತೂತು ಬಿದ್ದಿಲ್ಲ. ಸ್ಲೀವುಗಳಲ್ಲಿ ಕೆಲವು ಪ್ಲಗ್‌ಗಳು ಅರ್ಧ ತೆರೆದು ಬಿದ್ದಿರುವುದು ತಪಾಸಣೆಯಲ್ಲಿ ಸಿಗುತ್ತದೆ. ಅದನ್ನು ಸರಿಪಡಿಸಲು ಒಂದು ನಿಮಿಷ ಸಾಕು. ಒಡೆದ ಬೋರ್ಡು ಸರಿಪಡಿಸುವುದು ಅರ್ಧ ದಿನದ ಕೆಲಸ. ಇಷ್ಟನ್ನೂ ಕಟ್ಟುವಾಗಲೇ ಮಾಡಿದ್ದರೆ ಟ್ರೇಯನ್ನು ಗೋಡೆಯಿಂದ ಒಂದು ಅಂಗೈ ದೂರ ಇಟ್ಟು, ಸ್ಲೀವುಗಳನ್ನು ಸ್ಲ್ಯಾಬ್ ಹಾಕುವಾಗಲೇ ಬಿಟ್ಟಿರಬಹುದಿತ್ತು. ಎರಡು ಭಾನುವಾರದ ಕರೆಂಟ್ ಕಡಿತವೂ ಬೇಕಿರಲಿಲ್ಲ, ಗ್ರೇಟಿಂಗ್ ಜಗಳವೂ ಇರುತ್ತಿರಲಿಲ್ಲ.

ಬಾಕಿ ಉಳಿದದ್ದು ಬಾಗಿಲುಗಳು. ಸಂಹಿತೆಯ ಪ್ರಕಾರ ಅವೂ 120 ನಿಮಿಷದವೇ ಆಗಬೇಕು. ಹದಿಮೂರು ಬಾಗಿಲಿಗೆ ಒಟ್ಟಿಗೆ ದುಡ್ಡು ಹೊಂದಿಸಲು ಸಂಘಕ್ಕೆ ಆಗಲಿಲ್ಲ. ಈ ವರ್ಷ ಮೊದಲ ಐದು ಮಹಡಿಗೆ ಹಾಕಿಸುತ್ತಿದ್ದಾರೆ. ಹೆಚ್ಚಿನ ಲೋಡು ಹಾಯುವ ಜೋಡಣೆಗಳು ಕೆಳಗೇ ಇರುವುದರಿಂದ ಆ ಕ್ರಮ ಸರಿ ಅನ್ನಿಸಿತು. ಉಳಿದ ಬಾಗಿಲುಗಳ ಅಂಚಿಗೆ ಸದ್ಯಕ್ಕೆ ಹೊಗೆ ತಡೆಯುವ ಪಟ್ಟಿ ಅಂಟಿಸಿದ್ದಾರೆ, ಮತ್ತು ಎಲ್ಲ ಶಾಫ್ಟುಗಳ ಒಳಗೂ ಸ್ಮೋಕ್ ಡಿಟೆಕ್ಟರ್ ಹಾಕಿಸಿದ್ದಾರೆ.